90 ಉದ್ಧರಣೆಗಳನ್ನು 15ಕ್ಕೆ ಇಳಿಸುವುದು: ಕಾದಂಬರಿ ಪುನರಾವರ್ತನೆಗೆ ಒಂದು ಕೋಷ್ಟಕ

ಪ್ರಶ್ನೆ: ಇಂಗ್ಲಿಷ್ ಸಾಹಿತ್ಯದ ಪತ್ರಿಕೆಗೆ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಓದುತ್ತಿದ್ದೇನೆ. ಎಡಕ್ಕೆ 11 ಪಾತ್ರಗಳು, ಮೇಲೆ 8 ಆಶಯಗಳು, ಒಳಗೆ 90 ಉದ್ಧರಣೆಗಳು, ಹೀಗೆ ಏಳು ಪುಟದ ಕೋಷ್ಟಕ ಮಾಡಿಕೊಂಡಿದ್ದೇನೆ. ಪರೀಕ್ಷೆಯಲ್ಲಿ ಪುಸ್ತಕ ತೆರೆಯುವಂತಿಲ್ಲ. ಬಾಯಿಪಾಠ ಮಾಡಿ ಬರೆದ ಅಭ್ಯಾಸ ಉತ್ತರಕ್ಕೆ ‘ಕಥೆ ಹೇಳಿದ್ದೀರಿ, ವಿಶ್ಲೇಷಣೆ ಇಲ್ಲ’ ಎಂಬ ಷರಾ ಬಂತು. ಕೋಷ್ಟಕದಲ್ಲಿ ಏನು ತಪ್ಪಿದೆ?

ಉತ್ತರ: ತಪ್ಪು ನಿಮ್ಮ ನೆನಪಿನಲ್ಲಿಲ್ಲ, ಕೋಷ್ಟಕದ ಗೆರೆಗಳಲ್ಲಿದೆ. 11 ಪಾತ್ರಗಳಿಗೆ 8 ಆಶಯಗಳೆಂದರೆ 88 ಚೌಕಗಳಾದವು. ಖಾಲಿ ಚೌಕ ಕಂಡರೆ ಅದನ್ನು ತುಂಬಬೇಕೆಂದು ಯಾರಿಗೂ ಅನಿಸುತ್ತದೆ, ಆದ್ದರಿಂದ ಹೇಳಲು ಏನೂ ಇಲ್ಲದ ಕಡೆಯೂ ನೀವು ಒಂದೊಂದು ಸಾಲು ಹುಡುಕಿ ಹಾಕಿದ್ದೀರಿ. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಆ ಕೋಷ್ಟಕದಲ್ಲಿ ಕಾಲವಿಲ್ಲ. ‘ಜೋ’ ಮತ್ತು ‘ವರ್ಗ’ ಕೂಡುವ ಚೌಕದಲ್ಲಿ ಮೂರು ಉದ್ಧರಣೆಗಳು ಒಟ್ಟಿಗೆ ಬಿದ್ದಿರುತ್ತವೆ; ಯಾವುದು ಮೊದಲು, ಯಾವುದು ನಂತರ, ನಡುವೆ ಏನು ಬದಲಾಯಿತು ಎಂಬುದನ್ನು ಚೌಕ ಹೇಳುವುದಿಲ್ಲ. ಉತ್ತರ ಬರೆಯುವಾಗ ಒಂದು ಉದ್ಧರಣೆಯಿಂದ ಇನ್ನೊಂದಕ್ಕೆ ಹೋಗಲು ನಿಮಗೆ ಸೇತುವೆ ಬೇಕಾಗುತ್ತದೆ, ಕೈಗೆ ಸಿಗುವ ಸೇತುವೆ ಕಥೆಯೊಂದೇ. ಷರಾ ಬಂದದ್ದು ಅದಕ್ಕೇ.

ಈ ಕಾದಂಬರಿಯ ಮಟ್ಟಿಗೆ ಕಾಲದ ಗೆರೆಗಳನ್ನು ಲೇಖಕನೇ ಎಳೆದುಕೊಟ್ಟಿದ್ದಾನೆ. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕೃತಿಯಲ್ಲಿ 59 ಅಧ್ಯಾಯಗಳಿವೆ. 19ನೆಯ ಅಧ್ಯಾಯದ ಕೊನೆಯಲ್ಲಿ ಕಥಾನಾಯಕ ಪಿಪ್‌ನ ನಿರೀಕ್ಷೆಗಳ ಮೊದಲ ಹಂತ ಮುಗಿಯಿತೆಂದು, 39ರ ಕೊನೆಯಲ್ಲಿ ಎರಡನೆಯ ಹಂತ ಮುಗಿಯಿತೆಂದು ಪಠ್ಯವೇ ಹೇಳುತ್ತದೆ. ಹಾಗಾಗಿ ಮೇಲಿನ ಸಾಲಿನಿಂದ ಆಶಯಗಳನ್ನು ತೆಗೆದು ಅಲ್ಲಿ ಈ ಮೂರು ಹಂತಗಳನ್ನು ಬರೆಯಿರಿ. ಹೀಗೆ ಭಾಗಗಳಿಲ್ಲದ ಕಾದಂಬರಿಯಾಗಿದ್ದರೆ, ಯಾವ ಘಟನೆಯಾದ ಮೇಲೆ ಹಿಂದಿನದೆಲ್ಲವೂ ಬೇರೆಯಾಗಿ ಕಾಣುತ್ತದೆಯೋ ಅಂಥ ಎರಡು ತಿರುವುಗಳನ್ನು ನೀವೇ ಗುರುತಿಸಬೇಕಾಗುತ್ತದೆ. ಮೂರಕ್ಕಿಂತ ಹೆಚ್ಚು ಹಂತಗಳು ಬೇಡ.

ಎಡಗಡೆಯ ಪಟ್ಟಿಯಲ್ಲಿ ಪಿಪ್‌ನನ್ನು ಸಾಕಿದ ಕಮ್ಮಾರ ಜೋ, ಪಿಪ್ ಪ್ರೀತಿಸುವ ಎಸ್ಟೆಲ್ಲಾ, ಕೈದಿ ಮ್ಯಾಗ್ವಿಚ್ ಈ ಮೂವರು ಸಾಕು. ಎಸ್ಟೆಲ್ಲಾಳನ್ನು ಸಾಕಿದ ಮಿಸ್ ಹ್ಯಾವಿಶಮ್ ಎಸ್ಟೆಲ್ಲಾಳ ಸಾಲಿನಲ್ಲೇ ಬರುತ್ತಾಳೆ, ಏಕೆಂದರೆ ಪರೀಕ್ಷೆಯ ದೃಷ್ಟಿಯಿಂದ ಅವಳ ಬಗ್ಗೆ ಹೇಳಬೇಕಾದ್ದರಲ್ಲಿ ಬಹುಪಾಲು ಅವಳು ಆ ಹುಡುಗಿಗೆ ಏನು ಮಾಡಿದಳು ಎಂಬುದರಲ್ಲಿದೆ. ಪಿಪ್‌ಗೆ ಸಾಲೇ ಬೇಡ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಇಡೀ ಕಥೆಯನ್ನು ಹೇಳುತ್ತಿರುವವನು ಅವನು. ಪ್ರತಿಯೊಂದು ಚೌಕವೂ ಅವನ ಕಣ್ಣಿನಿಂದ ಕಂಡದ್ದು. ಅವನಿಗೆ ಪ್ರತ್ಯೇಕ ಸಾಲು ಕೊಟ್ಟ ವಿದ್ಯಾರ್ಥಿಗಳ ಕೋಷ್ಟಕದಲ್ಲಿ ಆ ಸಾಲು ಊದಿಕೊಂಡು ಉಳಿದವು ಬಡಕಲಾಗುವುದನ್ನು ಹಲವು ಸಲ ನೋಡಿದ್ದೇನೆ. ಉಳಿದ ಮೂವರನ್ನು ಅವನು ಒಂದೊಂದು ಹಂತದಲ್ಲಿ ಹೇಗೆ ನೋಡಿದ ಎಂದು ಬರೆದರೆ ಪಿಪ್‌ನ ಪಾತ್ರಚಿತ್ರಣ ತಾನಾಗಿಯೇ ಮೂಡುತ್ತದೆ. ಹರ್ಬರ್ಟ್, ಬಿಡ್ಡಿ, ವೆಮ್ಮಿಕ್, ಜ್ಯಾಗರ್ಸ್ ಇವರಿಗೆ ಹಾಳೆಯ ಕೆಳ ಅಂಚಿನಲ್ಲಿ ಒಂದೊಂದು ಸಾಲು ಇರಲಿ.

ಇನ್ನು ಆಶಯಗಳು. ‘ವರ್ಗ’, ‘ಪ್ರೀತಿ’, ‘ಅಪರಾಧ’, ‘ಮಹತ್ವಾಕಾಂಕ್ಷೆ’ ಎಂಬ ಒಂಟಿ ಪದಗಳು ಯಾವ ಕಾದಂಬರಿಗೂ ಅಂಟಿಸಬಹುದಾದ ಚೀಟಿಗಳು. ಆಶಯವನ್ನು ಒಂದು ಪೂರ್ಣ ವಾಕ್ಯವಾಗಿ, ಯಾರಾದರೂ ಒಪ್ಪದಿರಬಹುದಾದ ಮಾತಾಗಿ ಬರೆಯಿರಿ. ಈ ಕೃತಿಗೆ ನಾನು ಮೂರು ವಾಕ್ಯಗಳನ್ನು ಇಟ್ಟುಕೊಳ್ಳುತ್ತೇನೆ. ಪಿಪ್ ಯಾರಿಂದ ನಾಚಿಕೆಯನ್ನು ಕಲಿತನೋ ಅವರಿಗಿಂತ ಅವನು ಯಾರ ಬಗ್ಗೆ ನಾಚಿಕೊಂಡನೋ ಅವರೇ ಹೆಚ್ಚು ಸಂಭಾವಿತರು. ಇನ್ನೊಬ್ಬ ಮನುಷ್ಯನನ್ನು ತಮಗೆ ಬೇಕಾದಂತೆ ತಯಾರಿಸಲು ಹೊರಟವರೂ ಹಾಗೆ ತಯಾರಾದವರೂ ಇಬ್ಬರೂ ಅದರ ಬೆಲೆ ತೆರುತ್ತಾರೆ. ಸಂಪತ್ತು ಮತ್ತು ಅಪರಾಧ ಒಂದೇ ಸರಪಳಿಯ ಕೊಂಡಿಗಳು. ಇವಕ್ಕೆ ‘ನಾ’, ‘ತ’, ‘ಸ’ ಎಂದು ಗುರುತು ಇಟ್ಟುಕೊಂಡು ಚೌಕದೊಳಗಿನ ಪ್ರತಿ ಉದ್ಧರಣೆಯ ಪಕ್ಕದಲ್ಲಿ ಬರೆಯಿರಿ. ಒಂದೇ ಉದ್ಧರಣೆಗೆ ಎರಡು ಗುರುತು ಬಿದ್ದರೆ ಅದು ನಿಮಗೆ ಲಾಭ. ಒಂದೂ ಬೀಳದಿದ್ದರೆ ಆ ಉದ್ಧರಣೆ ಎಷ್ಟೇ ಸುಂದರವಾಗಿದ್ದರೂ ಅದನ್ನು ಕಲಿಯುವ ಅಗತ್ಯವಿಲ್ಲ.

ಆಗ ಬೆನ್ನೆಲುಬಿನಂಥ ಒಂಬತ್ತು ಚೌಕಗಳು ಹೀಗೆ ಕಾಣುತ್ತವೆ. ಇಲ್ಲಿ ಉದ್ಧರಣೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ನಿಮ್ಮ ಹಾಳೆಯಲ್ಲಿ ಅವು ಮೂಲದ ಇಂಗ್ಲಿಷಿನಲ್ಲೇ ಇರಬೇಕು.

| | ಮೊದಲ ಹಂತ | ಎರಡನೆಯ ಹಂತ | ಮೂರನೆಯ ಹಂತ |
|---|---|---|---|
| ಜೋ | ‘ಟಚ್ ಆಫ್ ಎ ವುಮನ್’, ಅ. 18, ನಾ | ‘ಪಾರ್ಟಿಂಗ್ಸ್ ವೆಲ್ಡೆಡ್ ಟುಗೆದರ್’, ಅ. 27, ನಾ | ‘ಎವರ್ ಫ್ರೆಂಡ್ಸ್’, ಅ. 57, ನಾ |
| ಎಸ್ಟೆಲ್ಲಾ | ‘ಕೋರ್ಸ್ ಹ್ಯಾಂಡ್ಸ್’, ಅ. 8, ನಾ | ‘ವಾಟ್ ಯೂ ಹ್ಯಾವ್ ಮೇಡ್ ಮಿ’, ಅ. 38, ತ | ‘ಬೆಂಟ್ ಅಂಡ್ ಬ್ರೋಕನ್’, ಅ. 59, ತ |
| ಮ್ಯಾಗ್ವಿಚ್ | ‘ಐ ಆಮ್ ಗ್ಲ್ಯಾಡ್ ಯೂ ಎಂಜಾಯ್ ಇಟ್’, ಅ. 3, ನಾ, ಸ | ‘ಮೇಡ್ ಎ ಜೆಂಟಲ್‌ಮನ್ ಆನ್ ಯೂ’, ಅ. 39, ತ, ಸ | ‘ಹೆಲ್ಡ್ ಮೈ ಹ್ಯಾಂಡ್ ಇನ್ ಹಿಸ್’, ಅ. 54, ನಾ, ಸ |

ಈಗ ನಡುವಿನ ಕಂಬಸಾಲನ್ನು ಮೇಲಿನಿಂದ ಕೆಳಗೆ ಓದಿ. 38ನೆಯ ಅಧ್ಯಾಯದಲ್ಲಿ ಎಸ್ಟೆಲ್ಲಾ ತನ್ನನ್ನು ಸಾಕಿದವಳಿಗೆ, ನೀವು ನನ್ನನ್ನು ಏನು ಮಾಡಿದಿರೋ ಅದೇ ನಾನು ಎನ್ನುತ್ತಾಳೆ. ಅದರ ಮರು ಅಧ್ಯಾಯದಲ್ಲೇ ಮ್ಯಾಗ್ವಿಚ್ ಕತ್ತಲ ಮೆಟ್ಟಿಲು ಹತ್ತಿ ಬಂದು, ನಿನ್ನನ್ನು ಜೆಂಟಲ್‌ಮನ್ ಮಾಡಿದವನು ನಾನು ಎಂದು ಪಿಪ್‌ಗೆ ಹೇಳುತ್ತಾನೆ. ‘ಮೇಡ್’ ಎಂಬ ಅದೇ ಕ್ರಿಯಾಪದ ಬೆನ್ನುಬೆನ್ನಿಗೆ ಎರಡು ಅಧ್ಯಾಯಗಳಲ್ಲಿ ಬರುತ್ತದೆ, ಒಮ್ಮೆ ತಯಾರಾದವಳ ಬಾಯಲ್ಲಿ ಆರೋಪವಾಗಿ, ಇನ್ನೊಮ್ಮೆ ತಯಾರಿಸಿದವನ ಬಾಯಲ್ಲಿ ಹೆಮ್ಮೆಯಾಗಿ. ಎಸ್ಟೆಲ್ಲಾಳ ಮಾತನ್ನು ಕೇಳಿಸಿಕೊಂಡು ಬಂದ ಪಿಪ್‌ಗೆ ತಾನೂ ಅಂಥದ್ದೇ ಒಂದು ತಯಾರಿಕೆ ಎಂದು ತಿಳಿಯುವುದು ಆಮೇಲೆ. ಪಾತ್ರಕ್ಕೊಂದು, ಆಶಯಕ್ಕೊಂದು ಎಂದು ಹಂಚಿದ್ದ ನಿಮ್ಮ ಹಳೆಯ ಕೋಷ್ಟಕದಲ್ಲಿ ಈ ಎರಡು ಸಾಲುಗಳು ಬೇರೆ ಬೇರೆ ಪುಟಗಳಲ್ಲಿ ಕುಳಿತಿದ್ದವು, ಆದ್ದರಿಂದ ಅವು ಪರಸ್ಪರ ಮಾತಾಡಿದ್ದು ನಿಮಗೆ ಕೇಳಿಸಲಿಲ್ಲ. ಇಂಥ ಜೋಡಿ ಸಿಕ್ಕಿದಾಗ ಆ ಎರಡು ಚೌಕಗಳ ನಡುವೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪರೀಕ್ಷೆಯಲ್ಲಿ ಒಂದು ಪ್ಯಾರಾ ಆಗುವುದು ಆ ಗೆರೆ; ಚೌಕವಲ್ಲ.

ಕೈಗಳ ವಿಷಯವನ್ನೂ ಹಾಗೆಯೇ ನೋಡಬಹುದು. ಎಂಟನೆಯ ಅಧ್ಯಾಯದಲ್ಲಿ ಎಸ್ಟೆಲ್ಲಾ ಪಿಪ್‌ನ ಒರಟು ಕೈಗಳನ್ನು ಹೀಯಾಳಿಸುವವರೆಗೆ ತನ್ನ ಕೈಗಳ ಬಗ್ಗೆ ನಾಚಬೇಕೆಂದು ಅವನಿಗೆ ತೋಚಿಯೇ ಇರಲಿಲ್ಲ. 18ರಲ್ಲಿ ಜೋ ಅವನ ಭುಜದ ಮೇಲೆ ಇಡುವ ಕೈ ಕಮ್ಮಾರನ ಕೈ, ಆದರೆ ಅದರ ಸ್ಪರ್ಶವನ್ನು ಹೆಣ್ಣಿನ ಸ್ಪರ್ಶವೆಂದು ಕರೆಯಲಾಗಿದೆ. ವಕೀಲ ಜ್ಯಾಗರ್ಸ್ ಸುವಾಸನೆಯ ಸೋಪಿನಿಂದ ಮತ್ತೆ ಮತ್ತೆ ಕೈ ತೊಳೆಯುತ್ತಾನೆ. 39ರಲ್ಲಿ ಮ್ಯಾಗ್ವಿಚ್ ಎರಡೂ ಕೈ ಚಾಚಿದಾಗ ಪಿಪ್ ಹಿಂಜರಿಯುತ್ತಾನೆ. 49ರಲ್ಲಿ ಮಿಸ್ ಹ್ಯಾವಿಶಮ್‌ಳ ಬಟ್ಟೆಗೆ ಹತ್ತಿದ ಬೆಂಕಿಯನ್ನು ಆರಿಸಲು ಹೋಗಿ ಅವನ ಎರಡೂ ಕೈಗಳು ಸುಡುತ್ತವೆ. 54ರಲ್ಲಿ ಸೆರೆಸಿಕ್ಕಿ ಗಾಯಗೊಂಡ ಮ್ಯಾಗ್ವಿಚ್ ಅವನ ಕೈ ಹಿಡಿದಿರುತ್ತಾನೆ, ಪಿಪ್ ಬಿಡಿಸಿಕೊಳ್ಳುವುದಿಲ್ಲ. 59ರಲ್ಲಿ ಪಿಪ್ ಎಸ್ಟೆಲ್ಲಾಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಳ್ಳುತ್ತಾನೆ. ಇಷ್ಟನ್ನೂ ಉದ್ಧರಣೆಗಳಾಗಿ ಕಲಿಯಬೇಕಾಗಿಲ್ಲ. ಎರಡು ಕಡೆ ಮೂಲದ ಮಾತು, ಉಳಿದ ಕಡೆ ಘಟನೆಯ ನೆನಪು ಇದ್ದರೆ ಕೆಲಸ ನಡೆಯುತ್ತದೆ. ಪಠ್ಯದಿಂದ ಆಧಾರ ಕೊಡುವುದೆಂದರೆ ಉದ್ಧರಣೆ ಚಿಹ್ನೆಯೊಳಗೆ ಬರೆಯುವುದೊಂದೇ ಅಲ್ಲ.

ಹಾಗಾದರೆ ಯಾವುದನ್ನು ಅಕ್ಷರಶಃ ಕಲಿಯಬೇಕು? ನನ್ನ ಪರೀಕ್ಷೆ ಸರಳವಾಗಿದೆ. ಉದ್ಧರಣೆಯ ಒಂದು ಪದವನ್ನು ತೆಗೆದು ಅದೇ ಅರ್ಥದ ಇನ್ನೊಂದು ಪದ ಹಾಕಿ ನೋಡಿ. ಏನೂ ನಷ್ಟವಾಗದಿದ್ದರೆ ಆ ಸಾಲನ್ನು ನಿಮ್ಮ ಮಾತಿನಲ್ಲೇ ಹೇಳಬಹುದು, ನೆನಪಿಗೆ ಭಾರ ಹಾಕಬೇಡಿ. ನಷ್ಟವಾದರೆ, ಆ ಪದವನ್ನೂ ಅದರ ಅಕ್ಕಪಕ್ಕದ ಎರಡು ಮೂರು ಪದಗಳನ್ನೂ ಮಾತ್ರ ಕಲಿಯಿರಿ.

27ನೆಯ ಅಧ್ಯಾಯದಲ್ಲಿ ಇದನ್ನು ಮಾಡಿ ನೋಡೋಣ. ಜೋ ಲಂಡನ್ನಿಗೆ ಬಂದಿದ್ದಾನೆ. ಅವನ ಟೋಪಿ ಇಟ್ಟಲ್ಲಿ ನಿಲ್ಲದೆ ಮತ್ತೆ ಮತ್ತೆ ಬೀಳುತ್ತದೆ, ತಾನು ಸಾಕಿದ ಹುಡುಗನನ್ನೇ ಅವನು ‘ಸರ್’ ಎನ್ನುತ್ತಾನೆ. ಹೊರಡುವಾಗ ಅವನು ಹೇಳುವ ಮಾತಿನ ತಾತ್ಪರ್ಯ, ಬದುಕೆಂದರೆ ಒಂದಕ್ಕೊಂದು ಬೆಸೆದ ಅಗಲಿಕೆಗಳು ಎಂದು. ಇಲ್ಲಿ ‘ವೆಲ್ಡೆಡ್’ ತೆಗೆದು ‘ಜಾಯಿನ್ಡ್’ ಹಾಕಿದರೆ ಅರ್ಥ ಅದೇ ಉಳಿಯುತ್ತದೆ, ಆದರೆ ಜೋ ಕಾಣೆಯಾಗುತ್ತಾನೆ. ಕಾದ ಕಬ್ಬಿಣವನ್ನು ಬೆಸೆಯುವವನು ಅವನು. ಲಂಡನ್ನಿನ ಕೋಣೆಯಲ್ಲಿ ಒಂದು ಟೋಪಿಯನ್ನು ಸರಿಯಾಗಿ ಇಡಲಾರದೆ ಪೇಚಾಡಿದ ಮನುಷ್ಯ, ತನ್ನ ಕುಲುಮೆಯ ಪದ ನಾಲಗೆಗೆ ಬಂದ ಕೂಡಲೇ ಆ ಕೋಣೆಯಲ್ಲಿ ಅತ್ಯಂತ ಘನತೆಯಿಂದ ಮಾತಾಡುವವನಾಗುತ್ತಾನೆ. ಜೊತೆಗೆ, ಅಗಲಿಕೆ ಮತ್ತು ಬೆಸುಗೆ ಪರಸ್ಪರ ವಿರುದ್ಧ ಕ್ರಿಯೆಗಳು, ಆತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಮೂರೇ ಪದಗಳಿಂದ ಇಷ್ಟು ಹೇಳಲು ಸಾಧ್ಯವಾಯಿತು. ಆ ಮಾತು ಮೂಲದಲ್ಲಿ ಬೇರೆ ಬೇರೆ ಲೋಹಗಳ ಕೆಲಸಗಾರರನ್ನು ಹೆಸರಿಸುತ್ತಾ ಮುಂದುವರಿಯುತ್ತದೆ. ಪೂರ್ತಿ ಕಲಿಯಲು ಹೋದವರು ಆ ಪಟ್ಟಿಯ ಕ್ರಮದಲ್ಲೇ ಎಡವಿ, ‘ವೆಲ್ಡೆಡ್’ ಬಗ್ಗೆ ಒಂದು ಮಾತೂ ಬರೆಯದೆ ಮುಂದೆ ಹೋಗುತ್ತಾರೆ.

ಇದೇ ಪರೀಕ್ಷೆಗೆ ಒಂದು ಎಚ್ಚರಿಕೆಯೂ ಬೇಕು. ಮ್ಯಾಗ್ವಿಚ್‌ನ ‘ಮೇಡ್ ಎ ಜೆಂಟಲ್‌ಮನ್ ಆನ್ ಯೂ’ ಎಂಬ ಮಾತಿನಲ್ಲಿ ‘ಆಫ್’ ಇರಬೇಕಾದ ಕಡೆ ‘ಆನ್’ ಇದೆ. ಜೆಂಟಲ್‌ಮನ್‌ತನವನ್ನು ಕೋಟಿನಂತೆ ಪಿಪ್‌ನ ಮೇಲೆ ಹೊದಿಸಲಾಗಿದೆ ಎಂದು ಇದನ್ನು ಓದಲು ಯಾರಿಗೂ ಆಸೆಯಾಗುತ್ತದೆ. ಓದಬಹುದು, ಆದರೆ ಮ್ಯಾಗ್ವಿಚ್ ಅದನ್ನು ಉದ್ದೇಶಿಸಿ ಹೇಳಿದ ಎಂದು ಬರೆಯಬಾರದು. ಅದು ಅವನ ಆಡುಮಾತಿನ ರೂಢಿ. ‘ಅವನ ಅಶಿಕ್ಷಿತ ಮಾತಿನ ರೀತಿಯೇ, ಅವನಿಗೆ ತಿಳಿಯದಂತೆ, ಈ ಅರ್ಥಕ್ಕೆ ಎಡೆಮಾಡಿಕೊಡುತ್ತದೆ’ ಎಂದು ಬರೆದರೆ ಪರೀಕ್ಷಕರು ಆಕ್ಷೇಪಿಸಲಾರರು. ಚೌಕದಲ್ಲಿ ಉದ್ಧರಣೆಯ ಕೆಳಗೆ ಬರೆಯಬೇಕಾದದ್ದು ಇಂಥ ಒಂದು ವಾಕ್ಯವನ್ನು. ಈ ವಾಕ್ಯವನ್ನು ಎತ್ತಿ ಬೇರೊಂದು ಚೌಕದಲ್ಲಿಟ್ಟರೂ ಅದು ಹೊಂದಿಕೊಳ್ಳುತ್ತದೆಯೇ ಎಂದು ನೋಡಿ. ‘ಇದು ಮ್ಯಾಗ್ವಿಚ್‌ನ ಪ್ರೀತಿಯನ್ನು ತೋರಿಸುತ್ತದೆ’ ಎಂಬುದು ಹೆಸರು ಬದಲಾಯಿಸಿದರೆ ಜೋಗೂ ಸಲ್ಲುತ್ತದೆ, ಆದ್ದರಿಂದ ಅದು ಇನ್ನೂ ವಿಶ್ಲೇಷಣೆಯಾಗಿಲ್ಲ.

ಪ್ರತಿ ಉದ್ಧರಣೆಯ ಪಕ್ಕದಲ್ಲಿ ಇನ್ನೂ ಒಂದು ಗುರುತು ಬೇಕು, ಮತ್ತು ನಾನು ನೋಡಿದ ಕೋಷ್ಟಕಗಳಲ್ಲಿ ಹೆಚ್ಚಾಗಿ ಇಲ್ಲದಿರುವುದು ಇದೇ. ಈ ಕಾದಂಬರಿಯಲ್ಲಿ ‘ನಾನು’ ಎನ್ನುವವರು ಇಬ್ಬರು, ಅನುಭವಿಸುತ್ತಿರುವ ಹುಡುಗ ಮತ್ತು ವರ್ಷಗಳ ನಂತರ ಅದನ್ನು ಹೇಳುತ್ತಿರುವ ಹಿರಿಯ. ಮಿಸ್ ಹ್ಯಾವಿಶಮ್‌ಳ ಮನೆಯಾದ ಸ್ಯಾಟಿಸ್ ಹೌಸಿನ ಮೊದಲ ಭೇಟಿಯಲ್ಲಿ ಎಸ್ಟೆಲ್ಲಾಳ ತಿರಸ್ಕಾರ ‘ಇನ್ಫೆಕ್ಷಸ್’ ಆಗಿತ್ತು, ಅದು ತನಗೂ ಅಂಟಿತು ಎಂದು ಬರೆದಿದೆ. ತಿರಸ್ಕಾರವನ್ನು ಅಂಟುರೋಗವೆಂದು ಗುರುತಿಸಿದವನು ಆ ಹುಡುಗನಲ್ಲ. ಹುಡುಗನಿಗೆ ರೋಗ ಬಂದಿತ್ತಷ್ಟೆ, ಅದಕ್ಕೆ ಹೆಸರಿಟ್ಟವನು ಗುಣಮುಖನಾದ ಹಿರಿಯ. ಹಾಗೆಯೇ 27ರಲ್ಲಿ, ದುಡ್ಡು ಕೊಟ್ಟು ಜೋ ಬರುವುದನ್ನು ತಪ್ಪಿಸಲು ಸಾಧ್ಯವಿದ್ದಿದ್ದರೆ ಖಂಡಿತ ದುಡ್ಡು ಕೊಡುತ್ತಿದ್ದೆ ಎಂಬ ತಪ್ಪೊಪ್ಪಿಗೆ ಬರುತ್ತದೆ. ಆ ಭಾವನೆ ಯುವಕ ಪಿಪ್‌ನದು, ಅದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಒಪ್ಪಿಕೊಳ್ಳುವ ಧ್ವನಿ ಹಿರಿಯನದು. ‘ಪಿಪ್ ಜೋನನ್ನು ಕೀಳಾಗಿ ಕಾಣುತ್ತಾನೆ’ ಎಂದು ಬರೆದು ಈ ಸಾಲನ್ನು ಕೊಟ್ಟರೆ ಅರ್ಧ ಮಾತ್ರ ಸರಿ. ಅವನನ್ನು ನಾವು ಪೂರ್ತಿ ಖಂಡಿಸದಂತೆ ತಡೆಯುವುದು ಅವನೇ ತನ್ನನ್ನು ಖಂಡಿಸಿಕೊಳ್ಳುತ್ತಿರುವ ಆ ಧ್ವನಿ. ಆದ್ದರಿಂದ ಹುಡುಗನ ಮಾತಿಗೆ ‘ಹು’, ಹಿರಿಯನ ಮಾತಿಗೆ ‘ಹಿ’, ಬೇರೆ ಪಾತ್ರದ ಸಂಭಾಷಣೆಗೆ ‘ಸಂ’ ಎಂದು ಬರೆದುಕೊಳ್ಳಿ. ಹಾಳೆಯ ತುಂಬ ‘ಸಂ’ ಮಾತ್ರ ಇದ್ದರೆ ನಿರೂಪಣೆಯ ಬಗ್ಗೆ ಕೇಳುವ ಪ್ರಶ್ನೆಗೆ ನಿಮ್ಮ ಬಳಿ ಏನೂ ಇಲ್ಲವೆಂದು ಅರ್ಥ. ಮೇಲಿನ ಒಂಬತ್ತಕ್ಕೆ ಈ ಪ್ಯಾರಾದ ಎರಡನ್ನೂ, ಕೊನೆಯ ಪುಟದ ಒಂದನ್ನೂ, ಅಂಚಿನ ಪಾತ್ರಗಳ ಎರಡು ಮೂರನ್ನೂ ಸೇರಿಸಿದರೆ ಒಟ್ಟು 15ರ ಹತ್ತಿರ ಬರುತ್ತದೆ. ಒಂದು ಉತ್ತರದಲ್ಲಿ ಏಳೆಂಟಕ್ಕಿಂತ ಹೆಚ್ಚು ಬಳಸಲು ಸಮಯವೇ ಇರುವುದಿಲ್ಲ.

ಖಾಲಿ ಚೌಕಗಳಿಗೆ ಹೆದರಬೇಡಿ, ಅವೂ ಏನನ್ನೋ ಹೇಳುತ್ತಿರುತ್ತವೆ. ಎರಡನೆಯ ಹಂತದಲ್ಲಿ ಜೋನ ಚೌಕಕ್ಕೆ ಸಾಮಗ್ರಿ ಹುಡುಕಲು ಹೊರಟರೆ 27ನೆಯ ಅಧ್ಯಾಯದ ಭೇಟಿ ಮತ್ತು 35ರಲ್ಲಿ ಅವನ ಹೆಂಡತಿಯ ಅಂತ್ಯಕ್ರಿಯೆ ಇವೆರಡನ್ನು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಸಾಮಗ್ರಿ ಸಿಗದಿರುವುದೇ ಇಲ್ಲಿಯ ಸಾಮಗ್ರಿ. 28ರಲ್ಲಿ ಪಿಪ್ ಊರಿಗೆ ಹೋಗುತ್ತಾನೆ, ಆದರೆ ಜೋನ ಮನೆಯಲ್ಲಿ ಉಳಿಯದಿರಲು ನೆಪಗಳನ್ನು ಹುಡುಕಿಕೊಂಡು ಬ್ಲೂ ಬೋರ್ ಎಂಬ ತಂಗುಮನೆಯಲ್ಲಿ ಇಳಿಯುತ್ತಾನೆ. ಜೆಂಟಲ್‌ಮನ್ ಆಗುವುದೆಂದರೆ ಜೋನನ್ನು ಕಥೆಯಿಂದಲೇ ಹೊರಗಿಡುವುದು ಎಂಬ ವಾದವನ್ನು ಆ ಬಹುಪಾಲು ಖಾಲಿಯಾದ ಚೌಕ ನಿಮ್ಮ ಕೈಗೆ ಕೊಡುತ್ತದೆ. ಅಲ್ಲಿ ‘ಇಲ್ಲ, ಏಕೆಂದರೆ ಬ್ಲೂ ಬೋರ್’ ಎಂದು ಬರೆದುಕೊಳ್ಳಿ.

ಮೂಲದ ಮಾತುಗಳನ್ನು ಎಲ್ಲಿಂದ ನಕಲು ಮಾಡುತ್ತೀರಿ ಎಂಬುದೂ ಮುಖ್ಯ. ಕಾದಂಬರಿಯ ಕೊನೆಯ ವಾಕ್ಯವನ್ನೇ ತೆಗೆದುಕೊಳ್ಳಿ. 1861ರಲ್ಲಿ ಪ್ರಕಟವಾದ ರೂಪದಲ್ಲಿ ಅದು ‘ದ ಶ್ಯಾಡೋ ಆಫ್ ನೋ ಪಾರ್ಟಿಂಗ್ ಫ್ರಮ್ ಹರ್’ ಎಂದು ಮುಗಿಯುತ್ತದೆ, ನಂತರದ ಮುದ್ರಣಗಳಲ್ಲಿ ‘ನೋ ಶ್ಯಾಡೋ ಆಫ್ ಅನದರ್ ಪಾರ್ಟಿಂಗ್ ಫ್ರಮ್ ಹರ್’ ಎಂದಾಗಿದೆ. ಇಂದು ಮಾರುಕಟ್ಟೆಯಲ್ಲಿರುವ ಪ್ರತಿಗಳಲ್ಲಿ ಎರಡೂ ಸಿಗುತ್ತವೆ. ಗೆಳೆಯರ ಟಿಪ್ಪಣಿಯಿಂದ ಒಂದು ರೂಪವನ್ನು ಕಲಿತು, ನಿಗದಿತ ಪ್ರತಿಯಲ್ಲಿ ಇನ್ನೊಂದು ರೂಪವಿದ್ದರೆ ತಪ್ಪಾಗಿ ಉದ್ಧರಿಸಿದಂತೆ ಕಾಣುತ್ತದೆ. ಹಾಗೆಯೇ ಕೆಲವು ಪ್ರತಿಗಳು ಪ್ರತಿ ಸಂಪುಟಕ್ಕೂ ಅಧ್ಯಾಯಸಂಖ್ಯೆಯನ್ನು ಒಂದರಿಂದ ಶುರುಮಾಡುತ್ತವೆ. ಆದ್ದರಿಂದ ಚೌಕದಲ್ಲಿ ಸಂಖ್ಯೆಯ ಜೊತೆಗೆ ‘ಜೋನ ಲಂಡನ್ ಭೇಟಿ’, ‘ಮೆಟ್ಟಿಲಿನ ಮೇಲಿನ ಅಪರಿಚಿತ’ ಎಂಬಂಥ ಗುರುತನ್ನೂ ಇಡಿ. ಉತ್ತರದಲ್ಲೂ ಬರೆಯಬೇಕಾದ್ದು ಸಂದರ್ಭವನ್ನೇ. ಅಧ್ಯಾಯಸಂಖ್ಯೆ ನಿಮ್ಮ ಅನುಕೂಲಕ್ಕೆ ಮಾತ್ರ.

ಆ ಕೊನೆಯ ವಾಕ್ಯದಿಂದ ಇನ್ನೊಂದು ಲಾಭವಿದೆ. ಯಾವ ರೂಪವಾದರೂ ಅದರಲ್ಲಿ ‘ಪಾರ್ಟಿಂಗ್’ ಇದೆ, ಮತ್ತು ಆ ಪದವನ್ನು ನಾವು ಆಗಲೇ ಜೋನ ಚೌಕದಲ್ಲಿ ಬರೆದಿದ್ದೇವೆ. ಬದುಕೇ ಅಗಲಿಕೆಗಳ ಬೆಸುಗೆ ಎಂದು ಜೋ ಹೇಳಿದ್ದನ್ನು ಕೇಳಿದ ಓದುಗನಿಗೆ, ಅಗಲಿಕೆಯ ನೆರಳೇ ಕಾಣಲಿಲ್ಲ ಎಂಬ ಪಿಪ್‌ನ ಮಾತು ಪೂರ್ತಿ ನಂಬುವಂತೆ ಕೇಳಿಸುವುದಿಲ್ಲ. ಡಿಕನ್ಸ್ ಮೊದಲು ಬರೆದ ಮುಕ್ತಾಯದಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಲಂಡನ್ನಿನ ಬೀದಿಯಲ್ಲಿ ಕ್ಷಣಹೊತ್ತು ಭೇಟಿಯಾಗಿ ಅಗಲುತ್ತಾರೆ. ಕಾದಂಬರಿಕಾರ ಗೆಳೆಯ ಬುಲ್ವರ್ ಲಿಟ್ಟನ್‌ನ ಸಲಹೆಯ ಮೇರೆಗೆ ಆತ ಅದನ್ನು ಬದಲಾಯಿಸಿದ. ಈ ಸಂಗತಿಗೆ ಹಾಳೆಯ ಅಂಚಿನಲ್ಲಿ ಒಂದು ಸಾಲು ಸಾಕು, ಮುಕ್ತಾಯದ ಬಗ್ಗೆಯೇ ಪ್ರಶ್ನೆ ಬಂದರೆ ಮಾತ್ರ ಅದರ ಉಪಯೋಗ.

ಈಗ ಕಲಿಯುವ ಬಗೆ. ಮುಗಿಸಿದ ಕೋಷ್ಟಕವನ್ನು ಮತ್ತೆ ಮತ್ತೆ ಓದಿದರೆ ಗೊತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ, ಏಕೆಂದರೆ ಕಣ್ಣಿಗೆ ಪರಿಚಯವಾದದ್ದೆಲ್ಲ ನೆನಪಿನಂತೆಯೇ ಅನಿಸುತ್ತದೆ. ಖಾಲಿ ಹಾಳೆಯಲ್ಲಿ ಗೆರೆಗಳನ್ನಷ್ಟೇ ಎಳೆದು, ಮೊದಲ ದಿನ ಒಂಬತ್ತು ಚೌಕಗಳಲ್ಲಿ ಸಂದರ್ಭವನ್ನು ಮಾತ್ರ ನೆನಪಿನಿಂದ ತುಂಬಿ. ಒಂದೆರಡು ದಿನ ಬಿಟ್ಟು ಮೂಲದ ಮಾತುಗಳನ್ನು ಸೇರಿಸಿ, ಪುಸ್ತಕ ತೆರೆದು ತಪ್ಪಿದ ಪದವನ್ನು ಕೆಂಪು ಶಾಯಿಯಲ್ಲಿ ತಿದ್ದಿ. ಮೂರನೆಯ ಸಲ ಉದ್ಧರಣೆಗಳನ್ನು ಬರೆಯದೆ ಪ್ರತಿ ಚೌಕದ ವಾದವನ್ನಷ್ಟೇ ಬರೆಯಿರಿ. ಉದ್ಧರಣೆ ನೆನಪಿದ್ದು ಅದರ ವಾದ ನೆನಪಾಗದ ಚೌಕಗಳೇ ಪರೀಕ್ಷೆಯಲ್ಲಿ ಕಥೆ ಹೇಳಿಸುವ ಚೌಕಗಳು. ಎರಡು ಸಲ ತಿದ್ದಿದರೂ ಒಂದು ಪದ ತಪ್ಪುತ್ತಲೇ ಇದ್ದರೆ ಉದ್ಧರಣೆಯನ್ನು ಇನ್ನಷ್ಟು ಮೊಟಕುಗೊಳಿಸಿ. ಪರೀಕ್ಷೆಯಲ್ಲಿ ಒಂದು ಸಾಲಿನ ನಿಖರ ರೂಪದ ಬಗ್ಗೆ ಅನುಮಾನ ಬಂದರೆ ಖಚಿತವಿರುವ ಎರಡು ಪದಗಳನ್ನು ಮಾತ್ರ ಚಿಹ್ನೆಯೊಳಗಿಟ್ಟು ಉಳಿದದ್ದನ್ನು ನಿಮ್ಮ ವಾಕ್ಯದಲ್ಲಿ ಹೇಳಿ.

ಕೊನೆಯದಾಗಿ, ಕೋಷ್ಟಕದಿಂದ ಉತ್ತರಕ್ಕೆ ಹೋಗುವ ದಾರಿ. ‘ಈ ಕಾದಂಬರಿಯಲ್ಲಿ ನಿಜವಾದ ಜೆಂಟಲ್‌ಮನ್ ಜೋ ಒಬ್ಬನೇ: ಚರ್ಚಿಸಿ’ ಎಂಬ ಪ್ರಶ್ನೆ ಬಂದಿದೆ ಎನ್ನೋಣ. ಜೋನ ಸಾಲನ್ನು ಎಡದಿಂದ ಬಲಕ್ಕೆ ಓದಿ ಬರೆಯಲು ಕೈ ತುಡಿಯುತ್ತದೆ, ಹಾಗೆ ಬರೆದರೆ ಮತ್ತೆ ಕಥೆಯೇ ಆಗುತ್ತದೆ. ನಡುವಿನ ಚೌಕದಿಂದ ಶುರುಮಾಡಿ. ಮೊದಲ ಪ್ಯಾರಾದಲ್ಲಿ ಲಂಡನ್ ಭೇಟಿಯ ‘ವೆಲ್ಡೆಡ್’ ಬರಲಿ, ವರ್ಗದ ನಡವಳಿಕೆಯಲ್ಲಿ ಸೋತವನು ಮಾತಿನ ಘನತೆಯಲ್ಲಿ ಗೆಲ್ಲುತ್ತಾನೆ ಎಂಬುದು ಅದರ ವಾದ. ಎರಡನೆಯದರಲ್ಲಿ ಅಂಚಿನ ಸಾಲಿನಿಂದ ಪಿಪ್‌ನ ಗೆಳೆಯ ಹರ್ಬರ್ಟ್‌ನನ್ನು ತನ್ನಿ. ಹೃದಯದಲ್ಲಿ ಜೆಂಟಲ್‌ಮನ್ ಅಲ್ಲದವನು ನಡತೆಯಲ್ಲಿ ಜೆಂಟಲ್‌ಮನ್ ಆಗಲಾರ, ಯಾವ ‘ವಾರ್ನಿಷ್’ ಕೂಡ ಮರದ ಗೆರೆಗಳನ್ನು ಮರೆಮಾಡಲಾರದು ಎಂಬ ತನ್ನ ತಂದೆಯ ಮಾತನ್ನು 22ನೆಯ ಅಧ್ಯಾಯದಲ್ಲಿ ಹೇಳುವವನು ಅವನೇ. ಅಳತೆಗೋಲು ಇದಾದರೆ ಜೋ ‘ಒಬ್ಬನೇ’ ಎಂಬ ಮಾತು ಅಲ್ಲಾಡತೊಡಗುತ್ತದೆ, ಹರ್ಬರ್ಟ್‌ನೂ ಅದಕ್ಕೆ ಸಲ್ಲುತ್ತಾನೆ.

ಮೂರನೆಯ ಪ್ಯಾರಾದಲ್ಲಿ ಜೋನ ಮಿತಿಯನ್ನು ಹೇಳಿ. ಕ್ರಿಸ್‌ಮಸ್ ಊಟದ ಮೇಜಿನಲ್ಲಿ ದೊಡ್ಡವರೆಲ್ಲ ಪಿಪ್‌ನನ್ನು ಚುಚ್ಚುವಾಗ ಅವನ ಪರವಾಗಿ ಒಂದು ಮಾತೂ ಆಡಲಾಗದ ಜೋ ಅವನ ತಟ್ಟೆಗೆ ಮತ್ತಷ್ಟು ಗ್ರೇವಿ ಬಡಿಸುತ್ತಾನೆ. ಅದರಲ್ಲಿ ಕರುಣೆಯಿದೆ, ರಕ್ಷಣೆಯಿಲ್ಲ. ನಾಲ್ಕನೆಯದಕ್ಕೆ ಮ್ಯಾಗ್ವಿಚ್‌ನ ಮೊದಲ ಚೌಕ. ಜೌಗುನೆಲದ ಚಳಿಯಲ್ಲಿ ನಾಯಿಯಂತೆ ಗಬಗಬನೆ ತಿನ್ನುತ್ತಿರುವ ಕೈದಿಗೆ, ಬೆದರಿಕೆಗೆ ಅಂಜಿ ಊಟ ಕದ್ದು ತಂದ ಪುಟ್ಟ ಹುಡುಗ ‘ಐ ಆಮ್ ಗ್ಲ್ಯಾಡ್ ಯೂ ಎಂಜಾಯ್ ಇಟ್’ ಎನ್ನುತ್ತಾನೆ. ಒರಟು ಕೈ, ದಪ್ಪ ಬೂಟು ಎಂದು ಯಾರೂ ಅವನಿಗೆ ಇನ್ನೂ ಹೇಳಿರಲಿಲ್ಲ, ಅವನ ಹೆಸರಿಗೆ ಒಂದು ಕಾಸೂ ಬಂದಿರಲಿಲ್ಲ. ಅತಿಥಿಯನ್ನು ಉಪಚರಿಸುವ ಈ ಸೌಜನ್ಯ ಅವನಲ್ಲಿ ಆಗಲೇ ಇತ್ತು, ಜೆಂಟಲ್‌ಮನ್ ಆಗುವ ತರಬೇತಿಯಲ್ಲಿ ಅದನ್ನು ಕಳೆದುಕೊಂಡ. 54ನೆಯ ಅಧ್ಯಾಯದಲ್ಲಿ ಅದೇ ಕೈದಿಯ ಕೈ ಬಿಡದೆ ಪಕ್ಕದಲ್ಲಿ ಕುಳಿತಾಗ ಅವನಿಗೆ ಮರಳಿ ಸಿಕ್ಕಿದ್ದು ಅದೇ. ಈ ಎರಡು ಚೌಕಗಳ ನಡುವೆ ನೀವು ಎಳೆದ ಪೆನ್ಸಿಲ್ ಗೆರೆ ಇದ್ದರೆ, ‘ಜೋ ಒಬ್ಬನೇ’ ಎಂಬುದಕ್ಕೆ ನಿಮ್ಮ ಉತ್ತರ ಅಲ್ಲಿಯೇ ಸಿದ್ಧವಾಗಿರುತ್ತದೆ.